ಸಂಬಳ ಫೋನಲ್ಲೇ ಮಾತಾಗಿದೆ, ಆಫರ್ ಲೆಟರ್‌ಗೆ ಇನ್ನೂ ಸಹಿ ಹಾಕಿಲ್ಲ. ಹಾಸನದಿಂದ ಹೈದರಾಬಾದಿಗೆ ಮನೆ ಶಿಫ್ಟ್ ಮಾಡಬೇಕು. ಈಗ ಮೇಲ್‌ನಲ್ಲಿ ಜಾಯ್ನಿಂಗ್ ಬೋನಸ್ ಕೇಳಿದರೆ ಆಫರ್ ಹೋಗಿಬಿಡುತ್ತಾ?

ಮರ್ಯಾದೆಯಿಂದ ಒಂದು ಸಲ ಕೇಳಿದ್ದಕ್ಕೆ ಆಫರ್ ವಾಪಸ್ ತಗೊಳ್ಳೋದು ತೀರಾ ಅಪರೂಪ. ಆ ಭಯ ಬಿಡಿ. ನಾನೂ ಚಿಕ್ಕಮಗಳೂರಿನಿಂದ ಹೈದರಾಬಾದಿಗೇ ಹೋದವಳು. ಶಿಫ್ಟಿಂಗ್ ಖರ್ಚು ಕೇಳಿದೆ, ಸರಿ ಅಂದರು. ಆದರೂ ದುಡ್ಡು ಕೈಗೆ ಬರಲಿಲ್ಲ.

ಎಚ್‌ಆರ್ ಬರೆದಿದ್ದು "ಶಿಫ್ಟಿಂಗ್ ಖರ್ಚು 50,000ದವರೆಗೆ, ಬಿಲ್ ಪ್ರಕಾರ" ಅಂತ. ನಾನು ಓದಿದ್ದು 50,000 ಮಾತ್ರ! ಪ್ಯಾಕರ್ಸ್‌ನವರು 41,000 ಹೇಳಿದರು. ಜಾಸ್ತಿಯಾಯ್ತು ಅಂತ ಊರಿನ ಪರಿಚಯದ ಕ್ಯಾಂಟರ್ 32,000ಕ್ಕೆ ಗೊತ್ತು ಮಾಡಿದೆ. ಡ್ರೈವರ್ ಅಣ್ಣ ಬೀರು, ಮಂಚ, ಫ್ರಿಜ್ ಎಲ್ಲ ಜೋಪಾನವಾಗಿ ಇಳಿಸಿ, ರಸೀದಿ ಪುಸ್ತಕದ ಹಾಳೆ ಹರಿದು "ಮನೆ ಸಾಮಾನು ಬಾಡಿಗೆ 32,000" ಅಂತ ಕನ್ನಡದಲ್ಲೇ ಬರೆದು ಕೊಟ್ಟರು. ಅಕೌಂಟ್ಸ್‌ನವರು ಜಿಎಸ್‌ಟಿ ನಂಬರ್ ಇರುವ ಬಿಲ್ ಕೇಳಿದರು. ಪಾಪ, ಡ್ರೈವರ್ ಅಣ್ಣನ ಹತ್ತಿರ ಅದೆಲ್ಲಿಂದ ಬರಬೇಕು? ಬ್ರೋಕರ್ ಕಮಿಷನ್‌ಗೂ ಬಿಲ್ ಇರಲಿಲ್ಲ. ಮನೆ ಅಡ್ವಾನ್ಸ್ ಖರ್ಚೇ ಅಲ್ಲ, ಅದು ನಿಮಗೇ ವಾಪಸ್ ಬರುವ ದುಡ್ಡು ಅಂದರು. ಪಾಸಾಗಿದ್ದು ಬಸ್ ಟಿಕೆಟ್ ಮಾತ್ರ. 41,000 ಕೊಟ್ಟಿದ್ದರೆ ಅಷ್ಟೂ ಕಂಪನಿಯದೇ ಆಗ್ತಿತ್ತು. 9,000 ಉಳಿಸೋಕೆ ಹೋಗಿ 32,000 ನನ್ನ ಜೇಬಿಂದ ಹೋಯ್ತು.

ಇನ್ನು ನಿಮ್ಮ ಜಾಯ್ನಿಂಗ್ ಬೋನಸ್. ನನ್ನ ಮಾತು ಕೇಳೋದಾದರೆ ಅದನ್ನು ಕೇಳಬೇಡಿ. ಅದು ಸಂಬಳದ ಲೆಕ್ಕಕ್ಕೆ ಸೇರುತ್ತದೆ. ನೀವು 20% ಸ್ಲ್ಯಾಬ್‌ನಲ್ಲಿದ್ದರೆ 50,000ದಲ್ಲಿ ಟಿಡಿಎಸ್ ಕಳೆದು ಕೈಗೆ ಸಿಗೋದು ಸುಮಾರು 40,000. ಸಾಮಾನ್ಯವಾಗಿ ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನೋ ಷರತ್ತು ಇರುತ್ತದೆ, ಅದರಲ್ಲೂ ಎಷ್ಟೋ ಕಡೆ ಪೂರ್ತಿ 50,000. ಶಿಫ್ಟಿಂಗ್ ಹಣಕ್ಕೂ ಆ ಷರತ್ತು ಇರಬಹುದು, ಓದಿ ನೋಡಿ. ಆದರೆ ಬೋನಸ್‌ಗೆ "ಯಾಕೆ ಕೊಡಬೇಕು?" ಅಂದರೆ ನಿಮ್ಮ ಹತ್ತಿರ ಉತ್ತರ ಇಲ್ಲ. ಶಿಫ್ಟಿಂಗ್‌ಗೆ ಕೊಟೇಶನ್ ಇದೆ.

ಮೇಲ್ ಹೀಗೆ ಸಾಕು, ಅಂಕಿ ಮಾತ್ರ ನಿಮ್ಮ ಕೊಟೇಶನ್ ನೋಡಿ ಹಾಕಿ: "ಒಪ್ಪಿದ ಸಂಬಳದಲ್ಲಿ ಬದಲಾವಣೆ ಕೇಳುತ್ತಿಲ್ಲ. ಸಾಮಾನು ಸಾಗಣೆಗೆ 41,000, ಮನೆ ಸಿಗುವವರೆಗೆ 2 ವಾರ ಉಳಿಯಲು 20,000 ಆಗುತ್ತದೆ. ಕೊಟೇಶನ್ ಲಗತ್ತಿಸಿದ್ದೇನೆ. ಈ 61,000ವನ್ನು ಒಂದೇ ಸಲದ ನೆರವಾಗಿ ಕೊಡಬಹುದೇ? ಬಿಲ್ ಮೇಲಾದರೆ ಯಾವ ಬಿಲ್ ನಡೆಯುತ್ತದೆ ತಿಳಿಸಿ. ಆಫರ್ ಲೆಟರ್‌ನಲ್ಲಿ ಇದು ಸೇರಿದ ಕೂಡಲೇ ಸಹಿ ಮಾಡಿ ಕಳಿಸುತ್ತೇನೆ."

ಸಹಿಗೆ ಮುಂಚೆಯೇ ಕಳಿಸಿ. ಆಮೇಲೆ ಕೇಳಿದರೆ ಅವರಿಗೇನು ಅವಸರ ಅಲ್ವಾ? "ಆಯ್ತು, ನೋಡೋಣ" ಅಂತ ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಲೆಟರ್‌ನಲ್ಲಿ ಬರಬೇಕು. ಪಾಲಿಸಿ ಇಲ್ಲ ಅಂದರೆ ಮತ್ತೆ ದುಡ್ಡಿಗೆ ಜಗ್ಗಬೇಡಿ. ಕಂಪನಿ ಗೆಸ್ಟ್ ಹೌಸ್‌ನಲ್ಲಿ 2 ವಾರ ಇರೋಕೆ ಆಗುತ್ತಾ ಕೇಳಿ. ಅದಕ್ಕೆ ಬಿಲ್ ತೋರಿಸೋ ತಲೆನೋವೂ ಇಲ್ಲ.