‘ಎಲ್ಲಾ ಛಲೋ ಅದ ಸರ್’ ಅಂದ್ರೆ ಏನು ಮಾಡೋದು?

*ಸಂಪಾದಕರೇ, ಕಲಬುರಗಿ ಹತ್ರ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಮ್ಯಾನೇಜರ್ ಆಗಿದ್ದೀನಿ. ಕೈಕೆಳಗೆ ಐದು ಮಂದಿ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿ ಕೇಳ್ತೀನಿ. ‘ಎಲ್ಲಾ ಛಲೋ ಅದ ಸರ್’ ಅಂತಾರೆ, ಎದ್ದು ಹೋಗ್ತಾರೆ. ಏನು ಮಾಡಲಿ?*

ನೀವು ಕೇಳ್ತಿರೋದು ಎಷ್ಟು ಚೀಲ ಆಯ್ತು, ಲೋಡ್ ಹೋಯ್ತಾ ಅಂತ, ಅಲ್ವಾ? ಅದಕ್ಕೆ ರಿಜಿಸ್ಟರ್ ಇದೆ. ಲೆಕ್ಕ ಕೇಳಿದರೆ ಲೆಕ್ಕ ಕೊಟ್ಟು ಹೋಗ್ತಾರೆ.

ನಾನೂ ಇದನ್ನೇ ಮಾಡಿ ಕೆಟ್ಟವನು. ನಮ್ಮ ಯಾದಗಿರಿ ವರದಿಗಾರ ಪ್ರತಿ ಸಲ ಸುದ್ದಿ ತಡವಾಗಿ ಕಳಿಸುತ್ತಿದ್ದ. ‘ಏನಾದ್ರೂ ತೊಂದರೆ ಇದೆಯಾ?’ ಅಂತ ಮೂರು ಸಲ ಕೇಳಿದೆ. ‘ಏನಿಲ್ರಿ’ ಅಂದ. ನಾಲ್ಕನೇ ಸಲ ಪ್ರಶ್ನೆ ಬದಲಿಸಿದೆ: ‘ಈ ವಾರ ಯಾರಿಗಾಗಿ ಕಾಯ್ದೆ?’ ಸ್ವಲ್ಪ ಹೊತ್ತು ಸುಮ್ನೆ ಕೂತ, ಆಮೇಲೆ ‘ನಿಮಗೇ ಸರ್’ ಅಂದ. ಬೆಳಿಗ್ಗೆ ಅವನು ಕೇಳಿದ ಪ್ರಶ್ನೆಗೆ ನಾನು ಸಂಜೆ ಉತ್ತರ ಕೊಡುತ್ತಿದ್ದೆನಂತೆ. ಹನ್ನೊಂದು ಗಂಟೆಯೊಳಗೆ ಉತ್ತರಿಸ್ತೀನಿ ಅಂತ ಅವನ ಎದುರಿಗೇ ಬರೆದುಕೊಂಡೆ.

ಅಲ್ಲಿಂದ ನನ್ನ ಪ್ರಶ್ನೆ ಇಷ್ಟೇ. ಹೋದ ಸಲ ನಾನು ಒಪ್ಪಿಕೊಂಡದ್ದು ಆಯ್ತಾ? ಕೆಲಸ ಎಲ್ಲಿ ನಿಂತಿತು, ಯಾರಿಗಾಗಿ ಕಾದಿರಿ? ನಾನು ಏನು ಬಿಟ್ಟರೆ ನಿಮಗೆ ಹಗುರ ಆಗುತ್ತೆ? ತಿಂಗಳಿಗೊಮ್ಮೆ, ಯಾವ ಕೆಲಸ ಕಲೀಬೇಕು ಅನಿಸ್ತಿದೆ ಅಂತ. ಪ್ರತಿ ಸಲ ಅವೇ ಪ್ರಶ್ನೆ ಇರಲಿ, ಯಾಕಂದ್ರೆ ಗೊತ್ತಿದ್ದ ಪ್ರಶ್ನೆಗೆ ಮನುಷ್ಯ ಬರುವ ಮುಂಚೆಯೇ ಮನಸ್ಸಿನಲ್ಲಿ ಉತ್ತರ ಜೋಡಿಸಿಕೊಂಡು ಬರ್ತಾನೆ.

ಮೊದಲನೆಯದನ್ನು ಮಾತ್ರ ಬಿಡಬೇಡಿ. ನಿಮ್ಮ ಮೆಷಿನ್ ಆಪರೇಟರ್ ‘ಬೆಲ್ಟ್ ಸವೆದಿದೆ’ ಅಂದಾಗ ಹೂಂ ಅಂದು ಮರೆತರೆ, ಮುಂದಿನ ಸಲ ಅವನು ಬಾಯಿ ಬಿಡಲ್ಲ. ಮಾಲೀಕರು ದುಡ್ಡು ಕೊಡದಿದ್ದರೆ ಅದನ್ನೇ ಹೇಳಿ, ಕನಿಷ್ಠ ಕೇಳಿದ್ದೀರಿ ಅಂತ ಅವನಿಗೆ ಗೊತ್ತಾಗಲಿ. ಅವನು ಹೇಳಿದ್ದನ್ನು ನಾಲ್ಕು ಮಂದಿ ಎದುರು ಎತ್ತಿ ಆಡಬೇಡಿ. ಒಮ್ಮೆ ಹಾಗಾದರೆ ಮತ್ತೆ ‘ಛಲೋ ಅದ’ ಶುರು.

ಅರ್ಧ ಗಂಟೆ ಸಾಕು. ಮೆಷಿನ್ ನಿಂತ ಮೇಲೆ ಕೂರಿ, ಆ ಸದ್ದಿನಲ್ಲಿ ಕೂಗಿ ಮನಸ್ಸಿನ ಮಾತು ಹೇಳೋಕಾಗಲ್ಲ. ಮೊದಲು ಅವನ ವಿಷಯ, ಆಮೇಲೆ ನಿಮ್ಮದು. ಜನವರಿಯಲ್ಲಿ ಮಾಲು ಬಂದು ಬೀಳುವಾಗ ಹದಿನೈದು ನಿಮಿಷಕ್ಕೆ ಇಳಿಸಿ, ಆದರೆ ರದ್ದು ಮಾಡಬೇಡಿ, ಆಗಲೇ ಜಾಸ್ತಿ ಬೇಕು. ಹೊರಗೆ ಬಂದ ಮೇಲೆ ಯಾರು ಜಾಸ್ತಿ ಮಾತಾಡಿದ್ದು ಅಂತ ನೆನೆಸಿಕೊಳ್ಳಿ. ನೀವೇ ಆಗಿದ್ದರೆ ಅದು ಮೀಟಿಂಗ್ ಅಲ್ಲ, ಭಾಷಣ.

ಮೊದಲ ಎರಡು ಸಲ ಏನೂ ಬರಲ್ಲ. ಪ್ರಶ್ನೆ ಕೇಳಿದ ಮೇಲೆ ನೀವೇ ಉತ್ತರ ತುಂಬದೆ ಹತ್ತು ಸೆಕೆಂಡ್ ಸುಮ್ನಿರಿ. ನನಗಂತೂ ಅದೇ ಜಾಸ್ತಿ ಕಷ್ಟ ಆಗಿದ್ದು.