ಫೋಟೋ 400 ಇವೆ, ಫೋನ್ ಮಾತ್ರ ಬರುತ್ತಿಲ್ಲ

ಪ್ರಶ್ನೆ: ನಾನು ಗದಗದವನು. ಆರು ವರ್ಷದಿಂದ ಹುಬ್ಬಳ್ಳಿಯ ಸ್ಟುಡಿಯೋಗಳಿಗೆ ದಿನದ ಲೆಕ್ಕದಲ್ಲಿ ಮದುವೆ ಶೂಟ್ ಮಾಡುತ್ತಿದ್ದೇನೆ. ಈಗ ನೇರವಾಗಿ ಆರ್ಡರ್ ಹಿಡಿಯಬೇಕೆಂದು ನನ್ನದೇ ಪುಟ ಮಾಡಿದ್ದೇನೆ. ಮದುವೆ, ಬರ್ತ್‌ಡೇ, ಬೆಟಗೇರಿ ಸೀರೆ ಎಲ್ಲ ಸೇರಿ 400 ಫೋಟೋ ಇವೆ. ಕ್ಯಾಮೆರಾ, ಲೆನ್ಸ್ ಹೆಸರನ್ನೂ ಬರೆದಿದ್ದೇನೆ. ಆದರೂ ಯಾರೂ ಕೇಳುತ್ತಿಲ್ಲ. ಏನು ತಪ್ಪಾಗಿದೆ ಸರ್?

ಉತ್ತರ: ಮೊದಲು ಸೀರೆಯನ್ನೂ ಮದುವೆಯನ್ನೂ ಬೇರೆ ಮಾಡಿ. ಸೀರೆ ವ್ಯಾಪಾರಿಗೆ ಬೇಕಿರುವುದು ಬಣ್ಣ ಇದ್ದ ಹಾಗೇ ಬರುತ್ತದಾ, ಸೆರಗು, ದಡಿ ಬಿಡಿಸಿ ಕಾಣುತ್ತದಾ ಎಂಬುದು. ಅವರಿಗೆ ನಿಮ್ಮ ವಧು-ವರರ ಫೋಟೋದಿಂದ ಏನೂ ಆಗಬೇಕಿಲ್ಲ. ನಿಮ್ಮ ಕೈ ಕುದುರಿರುವುದು ಮದುವೆಯಲ್ಲಿ. ಹಾಗಾಗಿ ಮುಖ್ಯ ಪುಟ ಮದುವೆಗೇ ಇರಲಿ, ಸೀರೆಗೆ ಬೇರೆ ಆಲ್ಬಂ ಮಾಡಿ.

ಇನ್ನು ಆ 400 ಫೋಟೋ. ಮೂವತ್ತು ಮದುವೆಗಳಿಂದ ಚಂದದ್ದನ್ನು ಆರಿಸಿ ಹಾಕಿದ್ದೀರಿ, ಅಲ್ವಾ? ಅದನ್ನು ಎಲ್ಲರೂ ಮಾಡುತ್ತಾರೆ. ಮಗಳ ಮದುವೆ ಮಾಡುವ ತಂದೆಗೆ ಅದರಿಂದ ಧೈರ್ಯ ಬರುವುದಿಲ್ಲ. "ನಮ್ಮ ಮಂಟಪದಾಗ ಬೆಳಕ ಕಡಿಮಿ ಐತ್ರಿ, ಫೋಟೋ ಹೆಂಗ ಬರ್ತಾವ?" ಎಂಬುದು ಅವರ ಚಿಂತೆ. ಅದಕ್ಕೆ ಒಂದೇ ಮದುವೆಯ ಪೂರ್ತಿ ಗ್ಯಾಲರಿ ಹಾಕಿ. ಅರಿಶಿಣದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ 60 ಫೋಟೋ ಸಾಕು. ಅದರಲ್ಲಿ ಅಕ್ಕಿಕಾಳು ಬೀಳುವ ಗಳಿಗೆ ಇರಲೇಬೇಕು. ಎಲ್ಲರೂ ಮೊಬೈಲ್ ಎತ್ತಿ ಅಡ್ಡ ನಿಲ್ಲುವ ಆ ಕೆಲವೇ ಸೆಕೆಂಡುಗಳಲ್ಲಿ ನೀವು ಎಲ್ಲಿ ನಿಂತಿದ್ದಿರಿ ಎಂದು ಅದು ಹೇಳುತ್ತದೆ. ಊಟದ ಪಂಕ್ತಿಯೂ, ಮನೆಯವರೆಲ್ಲ ನಿಂತ ಗುಂಪು ಫೋಟೋವೂ ಇರಲಿ. ನಾಳೆ ಮನೆಯವರು ಮೊದಲು ಹುಡುಕುವುದು ಅವನ್ನೇ.

ಜೊತೆಗೆ ಒಳಾಂಗಣದ ಒಂದು ನಿಮಿಷದ ವಿಡಿಯೋ ಹಾಕಿ. ಈಗ ಮಂಟಪದ ತುಂಬ ಎಲ್‌ಇಡಿ. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇಡದಿದ್ದರೆ ವಿಡಿಯೋದಲ್ಲಿ ಪಟ್ಟಿ ಪಟ್ಟಿ ಓಡುತ್ತದೆ. ಗಿರಾಕಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಆದರೆ ಪಟ್ಟಿ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಒಂದು ತೊಡಕಿದೆ. ಸ್ಟುಡಿಯೋಗಾಗಿ ತೆಗೆದ ಫೋಟೋಗಳನ್ನು ಸುಮ್ನೆ ನಿಮ್ಮ ಪುಟಕ್ಕೆ ಹಾಕಬೇಡಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ತೆಗೆದವರು ನೀವಾದರೂ ಹಕ್ಕು ನಿಮ್ಮದಲ್ಲ. ಸ್ಟುಡಿಯೋ ಮತ್ತು ಮದುವೆ ಮನೆಯವರು ಇಬ್ಬರಿಂದಲೂ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಕೊಡದಿದ್ದರೆ ಸಂಬಂಧಿಕರ ಒಂದು ಮದುವೆಯನ್ನು ಖರ್ಚಿನ ದುಡ್ಡಿಗೇ ಮಾಡಿ, ಅದನ್ನೇ ಗ್ಯಾಲರಿ ಮಾಡಿ. ಇನ್ನು ಮುಂದೆ ನಿಮ್ಮ ಬುಕಿಂಗ್ ಪತ್ರದಲ್ಲೇ "ಆಯ್ದ ಫೋಟೋಗಳನ್ನು ಮಾದರಿಯಾಗಿ ತೋರಿಸಲು ಒಪ್ಪಿಗೆ ಇದೆ / ಇಲ್ಲ" ಎಂಬ ಸಾಲು ಇರಲಿ.

ಸಲಕರಣೆಯ ಪಟ್ಟಿ ಓದಿ ಬುಕ್ ಮಾಡುವವರನ್ನು ನಾನಂತೂ ನೋಡಿಲ್ಲ. ಮಾಡೆಲ್ ನಂಬರಿನ ಬದಲು ಅದರಿಂದ ಅವರಿಗೇನು ಎಂದು ಬರೆಯಿರಿ. "ಎರಡು ಕ್ಯಾಮೆರಾ ತರುತ್ತೇವೆ, ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಪ್ರತಿ ಫೋಟೋ ಒಟ್ಟಿಗೇ ಎರಡು ಕಾರ್ಡಿಗೆ ಹೋಗುತ್ತದೆ." ಹಿಂದೊಮ್ಮೆ ಒಂದೇ ಕಾರ್ಡ್ ನಂಬಿ ಹೋಗಿದ್ದೆ, ಅದು ಕೈಕೊಟ್ಟಿತು. ಆ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತದ್ದು ಇನ್ನೂ ಮರೆತಿಲ್ಲ. ಡ್ರೋನ್ ಇದೆ ಎಂದು ಬರೆಯುವ ಮೊದಲು, ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ವಿಮಾನ ನಿಲ್ದಾಣದ ಎಂಟು ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ಮಂಟಪಗಳೆಲ್ಲ ಆ ಲೆಕ್ಕಕ್ಕೆ ಬರುತ್ತವೆ.

ಇನ್ನು ಬುಕಿಂಗ್. "ದರಕ್ಕೆ ಫೋನ್ ಮಾಡಿ" ಎಂದಷ್ಟೇ ಇದ್ದರೆ ಹೆಚ್ಚಿನವರು ಮಾಡುವುದಿಲ್ಲ, ಜಾಸ್ತಿ ಹೇಳಿಬಿಡುತ್ತಾರೆ ಎಂಬ ಅಳುಕು. ಎಷ್ಟರಿಂದ ಶುರು ಎಂದು ಹಾಕಿ, ಆ ದುಡ್ಡಿಗೆ ಏನು ಸಿಗುತ್ತದೆ ಎಂದೂ ಬರೆಯಿರಿ. ಉದಾಹರಣೆಗೆ: ಒಂದು ದಿನ, ಬೆಳಿಗ್ಗೆ 6ರಿಂದ ರಾತ್ರಿ 9, ಇಬ್ಬರು, ತಿದ್ದಿದ 300 ಫೋಟೋ, 25 ನಿಮಿಷದ ವಿಡಿಯೋ. ಅದಕ್ಕಿಂತ ಹೆಚ್ಚಾದರೆ ಗಂಟೆಗೆ ಎಷ್ಟು, ಗದಗದ ಹೊರಗೆ ಓಡಾಟಕ್ಕೆ ಎಷ್ಟು, ಅದೂ ಅಲ್ಲೇ ಇರಲಿ. ಒಳ್ಳೆ ಮುಹೂರ್ತದ ದಿನ ಹತ್ತು ಮನೆಯವರು ಕೇಳುತ್ತಾರೆ. "ಮೊದಲು ಮುಂಗಡ ಕೊಟ್ಟವರಿಗೆ ತಾರೀಖು" ಎಂದು ಬರೆದರೆ ಜಗಳ ಇರುವುದಿಲ್ಲ. ಮುಂಗಡ ಎಷ್ಟು, ಮದುವೆ ಮುಂದಕ್ಕೆ ಹೋದರೆ ಅದು ಏನಾಗುತ್ತದೆ ಎಂಬುದೂ ಸ್ಪಷ್ಟ ಇರಲಿ.

ಆಲ್ಬಂ ವಿಷಯದಲ್ಲಿ ಮಾತ್ರ "ಮದುವೆಯಾಗಿ 45 ದಿನಕ್ಕೆ" ಎನ್ನಬೇಡಿ. ಫೋಟೋ ಆರಿಸಿ ಕೊಡುವುದಕ್ಕೇ ಮನೆಯವರು ಮೂರು ತಿಂಗಳು ಎಳೆಯುತ್ತಾರೆ, ಆಮೇಲೆ ತಡವಾಯಿತೆಂಬ ಮಾತು ನಿಮ್ಮ ತಲೆಗೇ ಬರುತ್ತದೆ. "ಫೋಟೋ ಆಯ್ಕೆ ಕೈಸೇರಿದ ದಿನದಿಂದ 45 ದಿನ" ಎಂದು ಬರೆಯಿರಿ.