ಎರಡು ಸರಿ ತಿದ್ದುಪಡಿಗಳಿಂದ ಹುಟ್ಟಿದ ಒಂದು ತಪ್ಪು: ಒಂದು ಆಪ್ತಸಲಹೆ ಪ್ರಕರಣ

ಸಂಶೋಧನಾ ಬರವಣಿಗೆಯ ಒತ್ತಡಕ್ಕೆ ಸಂಬಂಧಿಸಿದಂತೆ ಸಲಹೆ ಕೇಳಿ ನನ್ನ ಬಳಿ ಬಂದ ಸಂಶೋಧಕಿಯೊಬ್ಬರ ಪ್ರಕರಣವಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ವರದಿಯ ಕರಡನ್ನು ಇಬ್ಬರು ಹಿರಿಯರು ಪ್ರತ್ಯೇಕವಾಗಿ ತಿದ್ದಿ ಕಳಿಸಿದ್ದರು. ಯಾರ ಮಾತನ್ನು ಬಿಟ್ಟರೂ ಅವರಿಗೆ ಅಗೌರವ ತೋರಿದಂತಾಗುತ್ತದೆ ಎಂಬ ಅಳುಕಿನಿಂದ ಸಂಶೋಧಕಿ ಸಾಧ್ಯವಾದ ಕಡೆಯಲ್ಲೆಲ್ಲ ಇಬ್ಬರ ತಿದ್ದುಪಡಿಗಳನ್ನೂ ಒಪ್ಪಿಕೊಂಡಿದ್ದರು. ಅಂತಿಮ ಪ್ರತಿಯನ್ನು ಓದಿದ ಹಿರಿಯರಿಬ್ಬರೂ ಇದು ತಾವು ತಿದ್ದಿದ ವಾಕ್ಯವಲ್ಲವೆಂದು ಆಕ್ಷೇಪಿಸಿದಾಗ, ಎಲ್ಲಿ ಎಡವಿದೆನೆಂದೇ ತಿಳಿಯದೆ ಅವರು ಕಂಗಾಲಾಗಿದ್ದರು.

ಮೊದಲ ಭೇಟಿಯಲ್ಲಿ ನಾನು ಒಂದೇ ವಾಕ್ಯವನ್ನು ಎತ್ತಿಕೊಂಡೆ. ಮೂಲ ಕರಡಿನಲ್ಲಿ ‘120 ಮಂದಿಯಲ್ಲಿ 84 ಮಂದಿ, ಅಂದರೆ ಶೇ. 75ರಷ್ಟು ಜನ ಒಪ್ಪಿದ್ದಾರೆ’ ಎಂದಿತ್ತು. ಲೆಕ್ಕ ಕೂಡುವುದಿಲ್ಲ. ಮೊದಲ ಪರಿಶೀಲಕರು 120 ಅನ್ನು 112 ಎಂದು ತಿದ್ದಿದ್ದರು, ಏಕೆಂದರೆ ಪ್ರಶ್ನಾವಳಿ ಪಡೆದವರು 120 ಮಂದಿಯಾದರೂ ಉತ್ತರಿಸಿದವರು 112 ಮಂದಿ, ಮತ್ತು 112ರಲ್ಲಿ 84 ಎಂದರೆ ಸರಿಯಾಗಿ ಶೇ. 75. ಎರಡನೆಯವರು 120 ಅನ್ನು ಹಾಗೆಯೇ ಉಳಿಸಿ, ಶೇ. 75 ಅನ್ನು ಶೇ. 70 ಮಾಡಿದ್ದರು, ಆ ಲೆಕ್ಕವೂ ಸರಿ. ಎರಡನ್ನೂ ಒಪ್ಪಿದಾಗ ಉಳಿದದ್ದು ‘112 ಮಂದಿಯಲ್ಲಿ 84 ಮಂದಿ, ಅಂದರೆ ಶೇ. 70’. ಇಬ್ಬರಲ್ಲಿ ಯಾರೂ ಮಾಡದ ತಪ್ಪು ಇದು. ಎರಡು ಗುರುತುಗಳು ಬೇರೆ ಬೇರೆ ಪದಗಳ ಮೇಲೆ ಬಿದ್ದಿದ್ದರಿಂದ, ಪ್ರತಿಗಳನ್ನು ಕೂಡಿಸಿದ ತಂತ್ರಾಂಶಕ್ಕೆ ಅಲ್ಲಿ ಘರ್ಷಣೆಯೇ ಕಂಡಿರಲಿಲ್ಲ.

ವ್ಯಾಕರಣದಲ್ಲಿಯೂ ಇದೇ ಆಗಿತ್ತು. ಮೂಲದ ‘ಫಲಿತಾಂಶಗಳು ತೋರಿಸುತ್ತದೆ’ ಎಂಬಲ್ಲಿ ಒಬ್ಬರು ‘ಫಲಿತಾಂಶಗಳು’ ಎಂಬುದನ್ನು ‘ಅಧ್ಯಯನವು’ ಎಂದೂ, ಇನ್ನೊಬ್ಬರು ‘ತೋರಿಸುತ್ತದೆ’ ಎಂಬುದನ್ನು ‘ತೋರಿಸುತ್ತವೆ’ ಎಂದೂ ತಿದ್ದಿದ್ದರಿಂದ ‘ಅಧ್ಯಯನವು ತೋರಿಸುತ್ತವೆ’ ಎಂಬ ವಾಕ್ಯ ಅಚ್ಚಿಗೆ ಸಿದ್ಧವಾಗಿ ಕುಳಿತಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೂಲ ಕರಡನ್ನೂ ಇಬ್ಬರು ತಿದ್ದಿದ ಪ್ರತಿಗಳನ್ನೂ ಮುಟ್ಟದೆ ಇಟ್ಟು, ಇಬ್ಬರೂ ಒಂದೇ ಕರಡನ್ನು ತಿದ್ದಿದ್ದಾರೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಒಬ್ಬರ ಕೈಗೆ ಹಳೆಯ ಕರಡು ಹೋಗಿದ್ದರೆ, ಅರ್ಧದಷ್ಟು ಭಿನ್ನಾಭಿಪ್ರಾಯ ನಿಜವಾದ ಭಿನ್ನಾಭಿಪ್ರಾಯವೇ ಆಗಿರುವುದಿಲ್ಲ. ಆಮೇಲೆ ಗುರುತುಗಳನ್ನು ಒಂದೊಂದಾಗಿ ನೋಡದೆ, ಒಂದೇ ಸಂಗತಿಯನ್ನು ಅವಲಂಬಿಸಿದ ಗುರುತುಗಳನ್ನೆಲ್ಲ ಒಂದು ಕಟ್ಟಾಗಿ ತೆಗೆದುಕೊಂಡು, ಆ ಕಟ್ಟಿಗೆ ಒಂದೇ ತೀರ್ಮಾನ ಬರೆದಿಡಬೇಕು. ಇಲ್ಲಿ ಕೇಳಬೇಕಾದದ್ದು ಯಾರ ತಿದ್ದುಪಡಿ ಉಳಿಯಬೇಕೆಂದಲ್ಲ, ಶೇಕಡಾವಾರು ಲೆಕ್ಕ ಯಾವ ಸಂಖ್ಯೆಯ ಮೇಲೆ ನಿಂತಿರಬೇಕೆಂದು. ಅದಕ್ಕೆ ಉತ್ತರವಿರುವುದು ಮೂಲ ಉತ್ತರಪತ್ರಗಳಲ್ಲಿ ಮತ್ತು ಅಧ್ಯಯನದ ವಿಧಾನದಲ್ಲಿ.

ಇಬ್ಬರಿಗೂ ಪ್ರತ್ಯೇಕವಾಗಿ ಬರೆಯುವುದು ಬೇಡವೆಂದೂ ಹೇಳಿದೆ. ಒಂದೇ ಪತ್ರದಲ್ಲಿ ಎರಡೂ ತಿದ್ದುಪಡಿಗಳನ್ನು ಅಕ್ಕಪಕ್ಕ ಇಟ್ಟು, ಉತ್ತರಿಸಿದವರ ಸಂಖ್ಯೆ 112 ಎಂಬ ದಾಖಲೆಯನ್ನು ತೋರಿಸಿ, ‘ಈ ಆಧಾರದ ಮೇಲೆ 112 ಮತ್ತು ಶೇ. 75 ಇಡಲು ಉದ್ದೇಶಿಸಿದ್ದೇನೆ. ತಮ್ಮ ಆಕ್ಷೇಪವಿದ್ದರೆ ತಿಳಿಸಬೇಕಾಗಿ ವಿನಂತಿ’ ಎಂದು ಅವರು ಬರೆದರು. ಎರಡನೆಯ ಪರಿಶೀಲಕರು ಒಪ್ಪಿದರು, ಆದರೆ ಪ್ರಶ್ನಾವಳಿಯನ್ನು 120 ಮಂದಿಗೆ ಕೊಟ್ಟ ಸಂಗತಿಯನ್ನು ವಿಧಾನದ ಅಧ್ಯಾಯದಲ್ಲಿ ಹೇಳಲೇಬೇಕೆಂದರು. ನ್ಯಾಯವಾದ ಮಾತು. ಅವರ ತಿದ್ದುಪಡಿಯ ಹಿಂದಿದ್ದ ಆತಂಕವೂ ಇದೇ ಆಗಿತ್ತೆಂದು ನನಗೆ ಅನ್ನಿಸುತ್ತದೆ.

ಸಂಶೋಧಕಿಗೆ ತಕ್ಷಣ ಹೊಳೆದದ್ದು 120 ಇದ್ದ ಕಡೆಯಲ್ಲೆಲ್ಲ ಒಮ್ಮೆಗೇ 112 ಎಂದು ಬದಲಿಸುವುದು. ನಾನು ತಡೆದೆ. ಹಾಗೆ ಮಾಡಿದ್ದರೆ ವಿಧಾನದ ಅಧ್ಯಾಯದಲ್ಲಿ ಸರಿಯಾಗಿದ್ದ 120 ಕೂಡ ಕೆಡುತ್ತಿತ್ತು. ಇನ್ನೊಂದೆಡೆ, ಅಂಕಿಯನ್ನು ಹುಡುಕಿದರೆ ಸಿಗದ ಅವಲಂಬಿತ ಮಾತುಗಳಿದ್ದವು: ಕೋಷ್ಟಕದ ಕೆಳಗೆ ‘ಉಳಿದ 36 ಮಂದಿ’ ಎಂದಿದ್ದದ್ದು ಈಗ 28 ಆಗಬೇಕಿತ್ತು, ಮತ್ತು ಸಾರಾಂಶದ ‘ಮುಕ್ಕಾಲು ಪಾಲು’ ಎಂಬ ಅಕ್ಷರರೂಪದ ಶೇ. 75 ಹಾಗೆಯೇ ಉಳಿಯಬೇಕಿತ್ತು. ಇವನ್ನು ಕಣ್ಣಿನಿಂದಲೇ ಓದಿ ಹಿಡಿಯಬೇಕು. ಬೇರೆ ದಾರಿ ನನಗೆ ಗೊತ್ತಿಲ್ಲ.

ಪದಪ್ರಯೋಗದ ಭೇದಗಳ ಮೇಲೆ ಹೆಚ್ಚು ಹೊತ್ತು ಕಳೆಯಲಿಲ್ಲ. ಅರ್ಥ ಬದಲಾಗದ ಕಡೆ ಮೂಲ ಪದವನ್ನೇ ಉಳಿಸಿ, ಪತ್ರದಲ್ಲಿ ಒಂದು ಸಾಲಿನಲ್ಲಿ ಹಾಗೆಂದು ತಿಳಿಸಲು ಹೇಳಿದೆ.

ಎರಡನೆಯ ಭೇಟಿಗೆ ಅವರು ಮೂಲ ಕರಡಿನ ಹೊಸ ನಕಲಿನಲ್ಲಿ ತೀರ್ಮಾನಗಳನ್ನು ಒಂದೊಂದಾಗಿ ಅಳವಡಿಸಿಕೊಂಡು ಬಂದರು. ಅದನ್ನು ಮೂಲದೊಂದಿಗೆ ಹೋಲಿಸಿ, ಕಂಡ ಪ್ರತಿಯೊಂದು ವ್ಯತ್ಯಾಸವನ್ನೂ ತೀರ್ಮಾನಗಳ ಪಟ್ಟಿಯಲ್ಲಿ ಗುರುತಿಸಲು ಹೇಳಿದೆ. ಪಟ್ಟಿಯಲ್ಲಿ ಇಲ್ಲದ ಮೂರು ವ್ಯತ್ಯಾಸಗಳು ಸಿಕ್ಕವು. ಎರಡು ಹೆಚ್ಚುವರಿ ಖಾಲಿ ಜಾಗಗಳು. ಮೂರನೆಯದು, ವಾಕ್ಯವೊಂದರ ಕೊನೆಯಲ್ಲಿ ಅಳಿಸಿಹೋಗಿದ್ದ ‘ಇಲ್ಲ’.